ನಿವೃತ್ತಿ ಬೀಳ್ಕೊಡುಗೆಗೆ ಸ್ಲೈಡ್‌ಶೋ: ಓದಿ ಮುಗಿಯುವ ಮೊದಲೇ ಫೋಟೊ ಓಡಿಹೋಗದಂತೆ ಮಾಡುವುದು ಹೇಗೆ?

ಬೀಳ್ಕೊಡುಗೆ ಸಮಾರಂಭದ ಸ್ಲೈಡ್‌ಶೋ ಕೆಡುವುದು ಫೋಟೊ ಚೆನ್ನಾಗಿಲ್ಲ ಅಂತಲ್ಲ. ಹೆಚ್ಚಿನ ಸಲ ಅದು ಕೆಡುವುದು ಸೆಕೆಂಡಿನ ಲೆಕ್ಕದಲ್ಲಿ. ಕ್ಯಾಪ್ಶನ್ ಅರ್ಧ ಓದಿರುತ್ತೇವೆ, ಫೋಟೊ ಹೋಗಿರುತ್ತದೆ. ಹಿಂದಿನ ಸಾಲಿನವರು "ಏನಂತೆ, ಏನಂತೆ?" ಎಂದು ಪಕ್ಕದವರನ್ನು ಕೇಳುತ್ತಾರೆ. ಅಷ್ಟರಲ್ಲಿ ಇನ್ನೂ ಎರಡು ಫೋಟೊ ದಾಟಿರುತ್ತವೆ. ಇಲ್ಲದಿದ್ದರೆ ಇದರ ಉಲ್ಟಾ: ಖಾಲಿ ಮೈದಾನದ ಒಂದು ಫೋಟೊ ಹತ್ತು ಸೆಕೆಂಡು ಅಲ್ಲಾಡದೆ ನಿಂತಿರುತ್ತದೆ.

ಹಾಗಾಗಿ ಬಣ್ಣ, ಅಲಂಕಾರ, ಹಾಡು ಎಲ್ಲವನ್ನೂ ಪಕ್ಕಕ್ಕಿಟ್ಟು ಇಲ್ಲಿ ಒಂದೇ ವಿಷಯ ನೋಡೋಣ. ಯಾವ ಫೋಟೊಗೆ ಎಷ್ಟು ಹೊತ್ತು, ಎಷ್ಟು ಮಾತು, ಆ ಮಾತು ಓದಲು ಎಷ್ಟು ಸಮಯ. ಉದಾಹರಣೆಗೆ ಅಕೌಂಟ್ಸ್ ವಿಭಾಗದಲ್ಲಿ 31 ವರ್ಷ ದುಡಿದು ನಿವೃತ್ತರಾಗುತ್ತಿರುವ ಒಬ್ಬ ಮೇಡಂ ಇದ್ದಾರೆ ಅಂದುಕೊಳ್ಳಿ. ಅವರ ಸ್ಲೈಡ್‌ಶೋವನ್ನು ಪವರ್‌ಪಾಯಿಂಟ್‌ನಲ್ಲಿ ಕಟ್ಟುತ್ತಾ ಹೋಗೋಣ. ಬೇರೆ ಸಾಫ್ಟ್‌ವೇರ್ ಬಳಸುವವರಿಗೆ ಎಲ್ಲಿ ಲೆಕ್ಕ ಬದಲಾಗುತ್ತದೋ ಅಲ್ಲಿ ಹೇಳುತ್ತೇನೆ.

ಮೊದಲು ಒಂದು ತೀರ್ಮಾನ: ಯಾರಾದರೂ ಮಾತಾಡುತ್ತಾರಾ?

ಫೋಟೊ ಓಡುವಾಗ ಪಕ್ಕದಲ್ಲಿ ನಿಂತು ಒಬ್ಬರು ಮೈಕ್ ಹಿಡಿದು ವಿವರಿಸುತ್ತಾರೆ ಎಂದಾದರೆ ಕ್ಯಾಪ್ಶನ್ ಬೇಡ. ಕಿವಿಗೆ ಒಂದು ಮಾತು, ಕಣ್ಣಿಗೆ ಇನ್ನೊಂದು ಮಾತು ಬಿದ್ದರೆ ಎರಡೂ ತಲೆಗೆ ಹೋಗುವುದಿಲ್ಲ. ಅಂಥ ಸ್ಲೈಡ್‌ಶೋಗೆ ಟೈಮಿಂಗ್ ಕೂಡ ಬೇಡ, ಮಾತಾಡುವವರೇ ಕ್ಲಿಕ್ ಮಾಡಿಕೊಂಡು ಹೋಗಲಿ. ಈ ಲೇಖನ ತಾನಾಗಿಯೇ ಓಡುವ ಸ್ಲೈಡ್‌ಶೋ ಬಗ್ಗೆ.

ಇದಕ್ಕೆ ನಾಲ್ಕರಿಂದ ಐದು ನಿಮಿಷ ಸಾಕು. ಸಹೋದ್ಯೋಗಿಗಳು, ಮನೆಯವರು ಎಲ್ಲ ಸೇರಿ ಇನ್ನೂರು ಫೋಟೊ ಕಳಿಸಿರುತ್ತಾರೆ, ಬಿಡಲು ಮನಸ್ಸು ಬರುವುದಿಲ್ಲ. ಆದರೆ 120 ಫೋಟೊಗೆ ತಲಾ ಆರು ಸೆಕೆಂಡು ಕೊಟ್ಟರೂ 12 ನಿಮಿಷ ಆಗುತ್ತದೆ. ಅಷ್ಟು ಹೊತ್ತು ಕತ್ತಲಲ್ಲಿ ಕೂತವರು ಫೋನ್ ತೆಗೆಯುತ್ತಾರೆ. ಹಾಗಂತ ಉಳಿದವನ್ನು ಎಸೆಯಬೇಕಿಲ್ಲ. ಅವನ್ನೆಲ್ಲ ಇನ್ನೊಂದು ಫೈಲಿಗೆ ಹಾಕಿ, ಕ್ಯಾಪ್ಶನ್ ಇಲ್ಲದೆ, `Set Up Slide Show` ಒಳಗೆ `Loop continuously until 'Esc'` ಆಯ್ಕೆ ಮಾಡಿಡಿ. ಜನ ಬಂದು ಕೂರುವ ಹೊತ್ತಿನಲ್ಲಿ ಅದು ತನ್ನ ಪಾಡಿಗೆ ತಿರುಗುತ್ತಿರಲಿ. ಫೋಟೊ ಕೊಟ್ಟವರ ಮನಸ್ಸೂ ಉಳಿಯುತ್ತದೆ.

ಮುಖ್ಯ ಸ್ಲೈಡ್‌ಶೋಗೆ ನಲವತ್ತು ಚಿಲ್ಲರೆ ಫೋಟೊ ಆರಿಸಿಕೊಳ್ಳಿ.

ಕ್ಯಾಪ್ಶನ್ ಬರೆಯುವುದು

ನಮ್ಮಲ್ಲಿ ಕ್ಯಾಪ್ಶನ್ ಬರೆಯಲು ಕೂತರೆ ಕೈ ತಾನಾಗಿಯೇ ಆಹ್ವಾನ ಪತ್ರಿಕೆಯ ಭಾಷೆಗೆ ಹೋಗುತ್ತದೆ. ಮೇಡಂ ವಾರ್ಷಿಕೋತ್ಸವದಲ್ಲಿ ಹಾಡುತ್ತಿರುವ ಫೋಟೊ ಒಂದಿದೆ. ಅದಕ್ಕೆ ಮೊದಲು ಬರುವ ಸಾಲು ಹೀಗಿರುತ್ತದೆ:

"1994ರಲ್ಲಿ ನಮ್ಮ ಕಚೇರಿಯ ವಾರ್ಷಿಕೋತ್ಸವ ಸಮಾರಂಭದಲ್ಲಿ ಸಹೋದ್ಯೋಗಿಗಳೊಂದಿಗೆ ತೆಗೆಸಿಕೊಂಡ ಅವಿಸ್ಮರಣೀಯ ಛಾಯಾಚಿತ್ರ"

ಇದು ಒಂಬತ್ತೇ ಪದ. ಪದ ಎಣಿಸಿದರೆ ಚಿಕ್ಕದು ಅನ್ನಿಸುತ್ತದೆ. ಆದರೆ ಕನ್ನಡದಲ್ಲಿ ಪದ ಎಣಿಸಿ ಉಪಯೋಗವಿಲ್ಲ, ಯಾಕೆಂದರೆ ವಿಭಕ್ತಿ, ಪ್ರತ್ಯಯ ಎಲ್ಲ ಅಂಟಿಕೊಂಡು ಒಂದೊಂದು ಪದ ಒಂದೊಂದು ಉದ್ದ ಇರುತ್ತದೆ. "ಸಹೋದ್ಯೋಗಿಗಳೊಂದಿಗೆ" ಅನ್ನುವುದೊಂದೇ ಎಂಟು ಅಕ್ಷರ. ಆದ್ದರಿಂದ ಅಕ್ಷರ ಎಣಿಸಿ. ಒತ್ತಕ್ಷರ ಸೇರಿದ್ದೂ ಒಂದೇ ಅಕ್ಷರ, ಗುಣಿತವೂ ಒಂದೇ ಅಕ್ಷರ. ಮೇಲಿನ ಸಾಲಿನಲ್ಲಿ ವರ್ಷದ ಅಂಕಿ ಬಿಟ್ಟು 42 ಅಕ್ಷರಗಳಿವೆ.

ಇಷ್ಟು ಓದಿಯೂ ನೋಡುವವರಿಗೆ ಸಿಕ್ಕಿದ್ದು ಏನು? ಸಮಾರಂಭ ಅನ್ನುವುದು ಹಿಂದಿನ ಬ್ಯಾನರ್‌ನಲ್ಲೇ ಕಾಣುತ್ತದೆ. ಸಹೋದ್ಯೋಗಿಗಳು ಪಕ್ಕದಲ್ಲೇ ನಿಂತಿದ್ದಾರೆ. ಛಾಯಾಚಿತ್ರ ಅನ್ನುವುದನ್ನು ಹೇಳಲೇಬೇಕಾಗಿಲ್ಲ. ಹೊಸದಾಗಿ ಗೊತ್ತಾಗಿದ್ದು ವರ್ಷ ಮಾತ್ರ. ಫೋಟೊದಲ್ಲಿ ಕಾಣುವುದನ್ನು ಹೊಡೆದುಹಾಕಿ, ಕಾಣದ್ದನ್ನು ಬರೆಯಿರಿ. ಆ ದಿನ ಅಲ್ಲಿದ್ದ ಯಾರನ್ನಾದರೂ ಕೇಳಿದರೆ ಒಂದು ಮಾತು ಸಿಕ್ಕೇ ಸಿಗುತ್ತದೆ:

"1994. ಹಾಡಿದ್ದು ಒಂದೇ ಹಾಡು, ಮೂರು ಸಲ."

ಇದು 11 ಅಕ್ಷರ. ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದವರಿಗೆ ಕುತೂಹಲ ಹುಟ್ಟುತ್ತದೆ.

ಒಂದು ಕ್ಯಾಪ್ಶನ್‌ಗೆ 20ರಿಂದ 25 ಅಕ್ಷರದ ಮಿತಿ ಇಟ್ಟುಕೊಳ್ಳಿ. ಮಾಮೂಲಿ ಅಗಲ ಪರದೆಯ ಸ್ಲೈಡಿನಲ್ಲಿ 36 ಪಾಯಿಂಟ್ ಕನ್ನಡ ಅಕ್ಷರ ಒಂದು ಸಾಲಿಗೆ ಹಿಡಿಸುವುದೂ ಹೆಚ್ಚುಕಡಿಮೆ ಅಷ್ಟೇ. ಒಂದು ಸಾಲಿಗೆ ಹಿಡಿಸಲಿಲ್ಲ ಅಂದರೆ ಅಕ್ಷರ ಚಿಕ್ಕದು ಮಾಡಬೇಡಿ, ಮಾತು ಕಡಿಮೆ ಮಾಡಿ. ಎರಡು ಸಾಲು ಬೇಕೇ ಬೇಕು ಅನ್ನುವ ಫೋಟೊ ಒಂದೆರಡು ಇರಬಹುದು, ಇರಲಿ. ಅಲ್ಲಿ ಅರ್ಥ ಮುಗಿಯುವ ಕಡೆ ನೀವೇ ಸಾಲು ಮುರಿಯಿರಿ, ಸಾಫ್ಟ್‌ವೇರ್ ಮುರಿದಲ್ಲಿ ಬಿಡಬೇಡಿ.

ಎಲ್ಲ ಫೋಟೊಗೂ ಕ್ಯಾಪ್ಶನ್ ಹಾಕುವುದೂ ತಪ್ಪು. ಮೂರರಲ್ಲಿ ಒಂದಕ್ಕೆ ಇದ್ದರೆ ಸಾಕು. ಎಲ್ಲದಕ್ಕೂ ಇದ್ದರೆ ಜನ ಮುಖ ನೋಡುವುದನ್ನೇ ಬಿಟ್ಟು ಬರೀ ಓದುತ್ತಾ ಕೂರುತ್ತಾರೆ. ಪರದೆಯ ಮೇಲೆ ಅಕ್ಷರ ಕಂಡರೆ ಕಣ್ಣು ಮೊದಲು ಅಲ್ಲಿಗೇ ಹೋಗುವುದಲ್ವಾ.

ಸೆಕೆಂಡಿನ ಲೆಕ್ಕ

ನಿಧಾನವಾಗಿ, ಗಟ್ಟಿಯಾಗಿ ಓದಿದರೆ ಸೆಕೆಂಡಿಗೆ ಸುಮಾರು ಐದು ಅಕ್ಷರ ಅಂತ ಹಿಡಿಯಬಹುದು. ಮನಸ್ಸಿನಲ್ಲಿ ಓದುವಾಗ ಇದಕ್ಕಿಂತ ವೇಗವಾಗಿ ಓದುತ್ತೇವೆ ನಿಜ. ಆದರೆ ಆ ಸಭೆಯಲ್ಲಿ ಕನ್ನಡಕ ಮರೆತು ಬಂದವರಿರುತ್ತಾರೆ, ಪಕ್ಕದವರ ಜೊತೆ ಮಾತಾಡುತ್ತಾ ತಡವಾಗಿ ಪರದೆಯತ್ತ ತಿರುಗುವವರಿರುತ್ತಾರೆ. ಅವರಿಗೆ ಹೊಂದುವ ವೇಗ ಇದು. ಅದರ ಜೊತೆಗೆ ಮುಖ ನೋಡಲು ಸಮಯ ಬೇಕು. ಹಳೆಯ ಫೋಟೊದಲ್ಲಿ ಮೇಡಂ ಯಾರು ಅಂತ ಗುರುತು ಹಿಡಿಯಲು ಎರಡು ಸೆಕೆಂಡು, ಓದಿದ ಮೇಲೆ ಮತ್ತೆ ಮುಖದ ಕಡೆ ಹೋಗಲು ಒಂದು ಸೆಕೆಂಡು.

ಹೀಗಾಗಿ ಲೆಕ್ಕ ಸರಳ:

```
ಸೆಕೆಂಡು = (ಅಕ್ಷರ ÷ 5) + 3
ವರ್ಷದ ಅಂಕಿ ಇದ್ದರೆ ಇನ್ನೂ 1
```

ಹಾಡಿನ ಫೋಟೊಗೆ 11 ÷ 5 ಅಂದರೆ 2.2, ಅದಕ್ಕೆ 3, ವರ್ಷಕ್ಕೆ 1. ಒಟ್ಟು ಆರು ಸೆಕೆಂಡು ಚಿಲ್ಲರೆ. ಮೊದಲಿನ ಉದ್ದ ಸಾಲನ್ನೇ ಇಟ್ಟಿದ್ದರೆ ಹನ್ನೆರಡು ದಾಟುತ್ತಿತ್ತು. ಅದೇ ಫೋಟೊಗೆ ಎರಡು ಪಟ್ಟು ಸಮಯ, ಸಿಗುವ ಸುದ್ದಿ ಅರ್ಧ.

ಈ ಸೂತ್ರ ಅಂದಾಜಿಗೆ ಮಾತ್ರ. ಸಿನಿಮಾದವರು ಟೈಟಲ್ ಕಾರ್ಡಿಗೆ ಬಳಸುವ ಹಳೆಯ ಉಪಾಯ ಒಂದಿದೆ: ಬರಹ ಪರದೆಯ ಮೇಲಿದ್ದಷ್ಟು ಹೊತ್ತಿನಲ್ಲಿ ಅದನ್ನು ಎರಡು ಸಲ ಓದಲು ಆಗಬೇಕು. ಫೋನಿನ ಸ್ಟಾಪ್‌ವಾಚ್ ಒತ್ತಿ ಎರಡು ಸಲ ಓದಿ ನೋಡಿ. ಸೂತ್ರಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಬಂದರೆ ಉದ್ದದ್ದನ್ನೇ ಹಿಡಿಯಿರಿ.

ಕ್ಯಾಪ್ಶನ್ ಇಲ್ಲದ, ಒಂದೋ ಎರಡೋ ಮುಖ ಇರುವ ಫೋಟೊಗೆ ನಾಲ್ಕು ಸೆಕೆಂಡು ಸಾಕು. ಗ್ರೂಪ್ ಫೋಟೊದ ಕಥೆ ಬೇರೆ.

ಗ್ರೂಪ್ ಫೋಟೊ ಬಂದ ತಕ್ಷಣ ಪ್ರತಿಯೊಬ್ಬರೂ ಹುಡುಕುವುದು ತಮ್ಮನ್ನೇ. ಸಿಕ್ಕ ಮೇಲೆ ಪಕ್ಕದವರಿಗೆ ತೋರಿಸುತ್ತಾರೆ. ಆಮೇಲೆ ಈಗ ಇಲ್ಲದವರ, ವರ್ಗವಾಗಿ ಹೋದವರ ಹೆಸರು ಹೇಳುತ್ತಾರೆ. ಇಪ್ಪತ್ತು ಜನ ಇರುವ ಫೋಟೊಗೆ ಒಂಬತ್ತು ಸೆಕೆಂಡು ಕೊಡಿ. ಅದಕ್ಕೆ ಎಲ್ಲರ ಹೆಸರಿನ ಕ್ಯಾಪ್ಶನ್ ಹಾಕಲು ಹೋಗಬೇಡಿ, ಯಾರಿಗೂ ಓದಲಾಗದು. ಇನ್ನೂ ಚೆನ್ನಾದ ದಾರಿ ಎಂದರೆ ಒಂದೇ ಫೋಟೊವನ್ನು ಎರಡು ಸ್ಲೈಡ್ ಮಾಡುವುದು. ಮೊದಲು ಇಡೀ ಗುಂಪು, ಮುಂದಿನ ಸ್ಲೈಡಿನಲ್ಲಿ ಅದೇ ಫೋಟೊದಿಂದ ಮೇಡಂ ಮತ್ತು ಅಕ್ಕಪಕ್ಕದವರನ್ನು ಮಾತ್ರ ಕ್ರಾಪ್ ಮಾಡಿದ್ದು, ಕ್ಯಾಪ್ಶನ್ ಬೇಕಿದ್ದರೆ ಅಲ್ಲಿ.

ಇದಕ್ಕೆ ಸ್ಕ್ಯಾನ್ ಮಾಡುವಾಗಲೇ ಯೋಚಿಸಿರಬೇಕು. 6×4 ಇಂಚಿನ ಪ್ರಿಂಟನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 1800 ಪಿಕ್ಸೆಲ್ ಅಗಲ ಸಿಗುತ್ತದೆ. ಅದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಉಳಿಸಿಕೊಂಡರೆ ಸಿಗುವುದು 600, ದೊಡ್ಡ ಪರದೆಯಲ್ಲಿ ಮುಖ ಕಲಸಿಹೋಗುತ್ತದೆ. 600 ಡಿಪಿಐನಲ್ಲಿ 3600 ಪಿಕ್ಸೆಲ್ ಸಿಗುತ್ತದೆ, ಅರ್ಧ ಕತ್ತರಿಸಿದರೂ ತೊಂದರೆ ಇಲ್ಲ. ಸೇವೆಗೆ ಸೇರಿದ ದಿನದ ಪಾಸ್‌ಪೋರ್ಟ್ ಸೈಜಿನ ಫೋಟೊ ಇದ್ದರೆ ಅದನ್ನು ಪೂರ್ತಿ ಪರದೆಗೆ ಹಿಗ್ಗಿಸಬೇಡಿ. ಪರದೆಯ ಮೂರನೇ ಒಂದು ಭಾಗದಷ್ಟು ಇಟ್ಟು ಪಕ್ಕದ ಖಾಲಿ ಜಾಗದಲ್ಲಿ ಮಾತು ಬರೆಯಿರಿ.

ಲೆಕ್ಕವನ್ನು ಜೋಡಿಸುವುದು

ಮೇಡಂ ಸ್ಲೈಡ್‌ಶೋಗೆ ಆರಿಸಿದ್ದು 42 ಫೋಟೊ. ಅದರ ಹಂಚಿಕೆ ಹೀಗೆ:

- ಶುರುವಿನ ಹೆಸರಿನ ಸ್ಲೈಡ್: 7 ಸೆಕೆಂಡು
- ಕ್ಯಾಪ್ಶನ್ ಇಲ್ಲದ 16 ಫೋಟೊ, ತಲಾ 4: 64
- ಕ್ಯಾಪ್ಶನ್ ಇರುವ 14 ಫೋಟೊ, ಸರಾಸರಿ 6.5: 91
- 5 ಗ್ರೂಪ್ ಫೋಟೊ, ತಲಾ 9: 45
- ನೇಮಕದ ಆದೇಶ ಪತ್ರ, ಒಂದು: 8
- ಒಂದೇ ಪ್ರವಾಸದ 6 ಫೋಟೊ, ಸರಸರನೆ ತಲಾ 1.5: 9
- ಕೊನೆಯ ಸ್ಲೈಡ್: 15

ಒಟ್ಟು 239 ಸೆಕೆಂಡು. ಇದಕ್ಕೆ ಸ್ಲೈಡಿನಿಂದ ಸ್ಲೈಡಿಗೆ ಹೋಗುವ ಸಮಯ ಸೇರಬೇಕು. ಪ್ರವಾಸದ ಆರಕ್ಕೆ ಟ್ರಾನ್ಸಿಶನ್ ಇಲ್ಲ, ಉಳಿದ 38ಕ್ಕೆ ತಲಾ 0.7 ಸೆಕೆಂಡು. ಅಲ್ಲಿಗೆ ಸುಮಾರು 27 ಸೆಕೆಂಡು ಜಾಸ್ತಿ, ಒಟ್ಟು ನಾಲ್ಕೂವರೆ ನಿಮಿಷದ ಹತ್ತಿರ.

ಆದೇಶ ಪತ್ರದ ಬಗ್ಗೆ ಒಂದು ಮಾತು. ಪೂರ್ತಿ ಪುಟ ತೋರಿಸಿದರೆ ಒಂದಕ್ಷರವೂ ಕಾಣುವುದಿಲ್ಲ. ಮೊದಲ ಸಂಬಳ ಬರೆದಿರುವ ಒಂದು ಸಾಲನ್ನಷ್ಟೇ ದೊಡ್ಡದಾಗಿ ಕತ್ತರಿಸಿ ಇಡಿ. ಅದನ್ನು ನೋಡಿ ಇಡೀ ಸಭೆ ಗುಜುಗುಜು ಅನ್ನುತ್ತದೆ. ಆದರೆ ಹಾಕುವ ಮೊದಲು ಅವರ ಮನೆಯವರನ್ನು ಒಂದು ಮಾತು ಕೇಳಿ.

ಈಗ ಅನುಕ್ರಮ. ಇಸವಿ ಪ್ರಕಾರ ಹೋಗುವುದೇ ಸುಲಭ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೋಡಬೇಕಾದ್ದು ಕ್ಯಾಪ್ಶನ್ ಇರುವುದರ ನಂತರ ಏನು ಬರುತ್ತದೆ ಅನ್ನುವುದು. ನಗು ಬರುವ ಕ್ಯಾಪ್ಶನ್ ಆದ ಮೇಲೆ ಸಭೆ ಮೂರು ನಾಲ್ಕು ಸೆಕೆಂಡು ನಗುತ್ತದೆ, ಆ ಹೊತ್ತಿನಲ್ಲಿ ಯಾರೂ ಓದುವುದಿಲ್ಲ. ಹಾಗಾಗಿ ಅದರ ಮುಂದಿನ ಸ್ಲೈಡಿಗೆ ಕ್ಯಾಪ್ಶನ್ ಬೇಡ. ಬರೀ ಮುಖ ಇರುವ ಒಂದು ಫೋಟೊ ಇಡಿ, ಒಳ್ಳೆಯ ಮಾತನ್ನು ಅದರ ಆಚೆಗೆ ತಳ್ಳಿ. ತೀರಿಹೋದ ಸಹೋದ್ಯೋಗಿ ಇರುವ ಫೋಟೊ ಬಂದರೆ ಅದರ ಹಿಂದೆ ಮುಂದೆ ಎರಡೂ ಕಡೆ ತಮಾಷೆಯ ಸ್ಲೈಡ್ ಬರದಂತೆ ನೋಡಿಕೊಳ್ಳಿ. ಹೆಸರು ಮಾತ್ರ ಬರೆದು, ಲೆಕ್ಕಕ್ಕಿಂತ ಎರಡು ಸೆಕೆಂಡು ಜಾಸ್ತಿ ಕೊಡಿ.

ಪವರ್‌ಪಾಯಿಂಟ್‌ನಲ್ಲಿ ಸೆಕೆಂಡು ತುಂಬುವುದು

`Transitions` ಟ್ಯಾಬಿಗೆ ಹೋಗಿ, `Fade` ಆರಿಸಿ, `Duration` 00.70 ಮಾಡಿ. `On Mouse Click` ಟಿಕ್ ತೆಗೆಯಿರಿ, `After` ಟಿಕ್ ಹಾಕಿ, ಅಲ್ಲಿ ನಿಮ್ಮ ಲೆಕ್ಕದ ಸೆಕೆಂಡು ಬರೆಯಿರಿ. ಎಲ್ಲಕ್ಕೂ ಮೊದಲು 4 ಹಾಕಿ `Apply To All` ಒತ್ತಿಬಿಟ್ಟರೆ ಕೆಲಸ ಹಗುರ. ಆಮೇಲೆ ನಾಲ್ಕು ಸೆಕೆಂಡು ಅಲ್ಲದವನ್ನು ಮಾತ್ರ ಒಂದೊಂದಾಗಿ ಬದಲಿಸಿ, ಪ್ರವಾಸದ ಆರಕ್ಕೆ `Fade` ಬದಲು `None` ಆರಿಸಿದರಾಯಿತು. ಬದಲಿಸಿದ ಮೇಲೆ ಮತ್ತೆ `Apply To All` ಮುಟ್ಟಬೇಡಿ, ಮಾಡಿದ್ದೆಲ್ಲ ನೀರುಪಾಲು.

`After` ಗಡಿಯಾರ ಶುರುವಾಗುವುದು ಸ್ಲೈಡಿನ ಕೊನೆಯ ಅನಿಮೇಶನ್ ಮುಗಿದ ಮೇಲೆ. ಇದನ್ನು ಬಳಸಿಕೊಳ್ಳಬಹುದು. ತಮಾಷೆಯ ಮಾತು ಫೋಟೊದ ಜೊತೆಗೇ ಬಂದರೆ ಜನ ಮುಖ ನೋಡುವ ಮೊದಲೇ ಅದನ್ನು ಓದಿಬಿಡುತ್ತಾರೆ, ಮಜಾ ಹೋಗುತ್ತದೆ. ಕ್ಯಾಪ್ಶನ್‌ಗೆ `Animations` ಒಳಗೆ `Fade` ಕೊಟ್ಟು, `Start` ಅನ್ನು `After Previous`, `Delay` ಅನ್ನು 01.50 ಮಾಡಿ. ಮೊದಲು ಮುಖ, ಆಮೇಲೆ ಮಾತು. ಹೀಗೆ ಮಾಡಿದಲ್ಲಿ ಮುಖ ನೋಡುವ ಎರಡು ಸೆಕೆಂಡು ಆಗಲೇ ಕಳೆದಿರುತ್ತದೆ, ಆದ್ದರಿಂದ `After` ಒಳಗೆ ಅಷ್ಟು ಕಡಿಮೆ ಬರೆಯಿರಿ. ಒಂದೊಂದೇ ಅಕ್ಷರ ಟೈಪ್ ಆದಂತೆ ಬರುವ, ತಿರುಗುತ್ತಾ ಬರುವ ಅನಿಮೇಶನ್ ಮಾತ್ರ ಬೇಡ. ನಿಂತ ಅಕ್ಷರ ಓದಲು ಸುಲಭ.

ವಿಡಿಯೊ ಎಡಿಟರ್ ಬಳಸುವವರಿಗೆ ಲೆಕ್ಕ ಉಲ್ಟಾ. ಅಲ್ಲಿ ಒಂದು ಫೋಟೊ ಇನ್ನೊಂದರಲ್ಲಿ ಕರಗುವ ಸಮಯವನ್ನು ಆ ಫೋಟೊಗಳಿಂದಲೇ ಕದಿಯಲಾಗುತ್ತದೆ. ಆರು ಸೆಕೆಂಡಿನ ಫೋಟೊ, ಎರಡೂ ತುದಿಯಲ್ಲಿ ಒಂದೊಂದು ಸೆಕೆಂಡು ಕರಗುವಿಕೆ ಅಂದರೆ ಸ್ಪಷ್ಟವಾಗಿ ಕಾಣುವುದು ನಾಲ್ಕೇ ಸೆಕೆಂಡು. ಎರಡು ಕ್ಯಾಪ್ಶನ್ ಅಕ್ಕಪಕ್ಕ ಬಂದರೆ ಕರಗುವಾಗ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತದೆ. ಅಕ್ಷರವನ್ನು ಬೇರೆ ಟ್ರ್ಯಾಕಿನಲ್ಲಿಟ್ಟು, ಕರಗಲು ಶುರುವಾಗುವ ಮೊದಲೇ ಮರೆಯಾಗುವಂತೆ ಮಾಡಿ. ನಿಧಾನವಾಗಿ ಹಿಗ್ಗುವ ಜೂಮ್ ಹಾಕಿದ್ದರೆ ಜೂಮ್ ಫೋಟೊಗೆ ಮಾತ್ರ ಇರಲಿ, ಅಕ್ಷರ ಅದರ ಜೊತೆ ಜಾರದಿರಲಿ.

ಅಕ್ಷರ ಎಲ್ಲಿ, ಎಷ್ಟು ದೊಡ್ಡದು

ಎಷ್ಟು ಸೆಕೆಂಡು ಕೊಟ್ಟರೂ ಕಾಣದಿದ್ದರೆ ಓದಲಾಗದು. ಕ್ಯಾಪ್ಶನ್ ಕೆಳಗೇ ಇರಬೇಕು ಅನ್ನುವುದು ನಮ್ಮ ಅಭ್ಯಾಸ. ಆದರೆ ಹೆಚ್ಚಿನ ಸಭಾಂಗಣಗಳಲ್ಲಿ ನೆಲ ಸಪಾಟು, ಪರದೆ ತಗ್ಗು. ಮುಂದಿನವರ ತಲೆಗಳು ಪರದೆಯ ಕೆಳಭಾಗವನ್ನೇ ಮುಚ್ಚುತ್ತವೆ. ಹಿಂದಿನ ಸಾಲಿನ ಕುರ್ಚಿಯಲ್ಲಿ ಒಮ್ಮೆ ಕೂತು ನೋಡಿ. ಪರದೆಯ ಅಡಿ ಕಾಣದಿದ್ದರೆ ಕ್ಯಾಪ್ಶನ್ ಮೇಲೆ ಅಥವಾ ಪಕ್ಕಕ್ಕೆ ಹೋಗಲಿ. ಉದ್ದುದ್ದ ಫೋಟೊಗಳಿಗೆ ಪಕ್ಕದ ಜಾಗ ಹೇಗೂ ಖಾಲಿ ಇರುತ್ತದೆ.

ಫೋಟೊ ಮೇಲೆಯೇ ಬರೆಯುವುದಾದರೆ ಅಕ್ಷರದ ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿ, ಮೇಲೆ ಬಿಳಿ ಅಕ್ಷರ. ಪಟ್ಟಿಯ ಎತ್ತರ ಧಾರಾಳವಾಗಿರಲಿ, ಇಲ್ಲದಿದ್ದರೆ ಒತ್ತಕ್ಷರಗಳ ಬಾಲ ಕೆಳಗೆ ಹೊರಗೆ ಚಾಚಿಕೊಳ್ಳುತ್ತದೆ. ಎರಡು ಸಾಲು ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರ ಕೊಡಿ.

ಗಾತ್ರ ಸರಿಯಿದೆಯೇ ಅಂತ ಮನೆಯಲ್ಲೇ ನೋಡಬಹುದು. ಪರದೆ ಒಂದೂವರೆ ಮೀಟರ್ ಎತ್ತರ, ಕೊನೆಯ ಸಾಲು 12 ಮೀಟರ್ ದೂರ ಅಂದರೆ ಎತ್ತರದ ಎಂಟು ಪಟ್ಟು ದೂರ. 15.6 ಇಂಚಿನ ಲ್ಯಾಪ್‌ಟಾಪ್ ಪರದೆಯ ಎತ್ತರ ಸುಮಾರು 19 ಸೆಂಟಿಮೀಟರ್. ಅದರ ಎಂಟು ಪಟ್ಟು, ಒಂದೂವರೆ ಮೀಟರ್, ದೂರ ನಿಂತು ಓದಿ. ಕಣ್ಣು ಕಿರಿದು ಮಾಡದೆ ಓದಲಾದರೆ ಸರಿ.

ಹೊಸ ಕಣ್ಣಿಗೆ ತೋರಿಸುವುದು

ಮಾಡಿದವರಿಗೆ ಎಲ್ಲ ಕ್ಯಾಪ್ಶನ್ ಬಾಯಿಪಾಠ ಆಗಿರುತ್ತದೆ. ಅವರಿಗೆ ಸ್ಲೈಡ್‌ಶೋ ಯಾವಾಗಲೂ ನಿಧಾನ ಅನ್ನಿಸುತ್ತದೆ, ಸುಮ್ನೆ ಒಂದೊಂದು ಸೆಕೆಂಡು ಕತ್ತರಿಸಲು ಕೈ ತುರಿಸುತ್ತದೆ. ಇದುವರೆಗೆ ಅದನ್ನು ನೋಡಿರದ ಒಬ್ಬರನ್ನು, ಸಾಧ್ಯವಾದರೆ ವಯಸ್ಸಾದವರನ್ನು, ಕೂರಿಸಿ. ಕ್ಯಾಪ್ಶನ್ ಬಂದಾಗಲೆಲ್ಲ ಗಟ್ಟಿಯಾಗಿ ಓದಲು ಹೇಳಿ. ಓದು ಎಲ್ಲಿ ಅರ್ಧಕ್ಕೆ ನಿಂತಿತೋ ಆ ಸ್ಲೈಡ್ ನಂಬರ್ ಬರೆದುಕೊಳ್ಳಿ, ಮಧ್ಯೆ ನಿಲ್ಲಿಸಬೇಡಿ. ಓದಿ ಮುಗಿಸಿ ನಿಮ್ಮ ಮುಖ ನೋಡಿದರೆ ಆ ಸ್ಲೈಡ್ ಜಾಸ್ತಿ ಹೊತ್ತು ನಿಂತಿದೆ ಎಂದರ್ಥ. ತಿದ್ದುವಾಗ ಮೊದಲು ಮಾತು ಕಡಿಮೆ ಮಾಡಲು ನೋಡಿ, ಆಗದಿದ್ದರೆ ಸೆಕೆಂಡು ಹೆಚ್ಚಿಸಿ.

ವಿಡಿಯೊ ಮಾಡಿ ಒಯ್ಯುವುದು

ಸಭಾಂಗಣದ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದರಂತೂ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಆದ್ದರಿಂದ `File`, `Export`, `Create a Video` ಮೂಲಕ ಎಂಪಿ4 ಮಾಡಿಕೊಳ್ಳಿ. ಅಲ್ಲಿ ಒಂದು ಗುಂಡಿ ಇದೆ. `Use Recorded Timings and Narrations` ಆಯ್ಕೆ ಆಗಿರಲೇಬೇಕು. `Don't Use` ಇದ್ದರೆ ನೀವು ತುಂಬಿದ ಸೆಕೆಂಡುಗಳನ್ನೆಲ್ಲ ಬಿಟ್ಟು ಎಲ್ಲ ಸ್ಲೈಡಿಗೂ ಒಂದೇ ಸಮಯ, ಮಾಮೂಲಾಗಿ ಐದು ಸೆಕೆಂಡು, ಬರುತ್ತದೆ. ಗೊತ್ತಾಗುವುದು ಹೇಗೆಂದರೆ, ವಿಡಿಯೊದ ಒಟ್ಟು ಉದ್ದ ನೋಡಿ. ನಮ್ಮ ಲೆಕ್ಕ ನಾಲ್ಕೂವರೆ ನಿಮಿಷದ ಹತ್ತಿರ ಬರಬೇಕು. ಪ್ರವಾಸದ ಆರು ಫೋಟೊ ಸರಸರ ಓಡದೆ ನಿಂತು ನಿಂತು ಬಂದರೆ ಆ ಗುಂಡಿಯದೇ ತಪ್ಪು.

ವಿಡಿಯೊ ಆದ ಮೇಲೆ ಒಂದು ಸಲ ಮೊದಲಿಂದ ಕೊನೆವರೆಗೆ ನೋಡಿ, ಒತ್ತಕ್ಷರಗಳು ಬಿಡಿಬಿಡಿಯಾಗಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳಿ. ಕೊನೆಯ ಸ್ಲೈಡಿಗೆ 15 ಸೆಕೆಂಡು ಕೊಟ್ಟಿದ್ದರ ಕಾರಣ ಚಪ್ಪಾಳೆ. ವಿಡಿಯೊ ಥಟ್ಟನೆ ಮುಗಿದರೆ ಪ್ಲೇಯರ್ ಮುಚ್ಚಿ ಯಾರದೋ ಡೆಸ್ಕ್‌ಟಾಪ್ ಕಾಣುತ್ತದೆ, ಇಲ್ಲವೇ ಫೋಲ್ಡರಿನ ಮುಂದಿನ ಫೈಲ್ ತಾನಾಗಿಯೇ ಶುರುವಾಗುತ್ತದೆ. ಅದಕ್ಕೇ ಪೆನ್‌ಡ್ರೈವಿನಲ್ಲಿ ಈ ವಿಡಿಯೊಗೆ ಪ್ರತ್ಯೇಕ ಫೋಲ್ಡರ್ ಮಾಡಿ, ಅದರಲ್ಲಿ ಇದೊಂದೇ ಫೈಲ್ ಇಡಿ. ಕಂಪ್ಯೂಟರ್ ಹತ್ತಿರ ಕೂರುವವರಿಗೆ ಕೊನೆಯ ಸ್ಲೈಡ್ ಬಂದಾಗ ಪಾಜ್ ಒತ್ತಲು ಹೇಳಿ. ಮೇಡಂ ವೇದಿಕೆಗೆ ಹೋಗಿ ಮೈಕ್ ಹಿಡಿಯುವವರೆಗೆ ಅದು ಹಾಗೇ ಇರಲಿ.